ಹದಿಮೂರು ಹೆಂಗಸರು, ಒಬ್ಬ ಚನ್ನು

ಸೋಮವಾರ ಬೆಳಿಗ್ಗೆ ಹೈದರಾಬಾದಿನ ಸನತ್‌ನಗರದ ಒಂದು ಕಾರ್ಖಾನೆಯ ಗೇಟಿನಲ್ಲಿ ಯಂಕಮ್ಮ ಕಾರ್ಡು ತೋರಿಸಿದಳು. ಹಸಿರು ದೀಪ ಹತ್ತಿತು. ಆಕೆ ಒಳಗೆ ಹೋದಳು.

ದೀಪ ಹತ್ತಬಾರದಿತ್ತು. ಹೊಸ ಶೆಡ್ಡಿನ ಕೆಲಸ ಶನಿವಾರವೇ ಮುಗಿದು, ಯಾದಗಿರಿ ಕಡೆಯ ಇಪ್ಪತ್ತೆಂಟು ಕೂಲಿಯವರ ಪಾಸು ಅಂದೇ ರದ್ದಾಗಬೇಕಿತ್ತು. ಯಂಕಮ್ಮ ಬಂದಿದ್ದು ಮರೆತುಹೋದ ಬುತ್ತಿ ಡಬ್ಬಿಗೆ, ಪಾಪ. ಆದರೆ ಒಳಗೆ ತಯಾರಾಗುವುದು ರಕ್ಷಣಾ ಇಲಾಖೆಯ ಬಿಡಿಭಾಗ. ಅಲ್ಲಿ ಪಾಪ ಎನ್ನಲು ಯಾರಿಗೂ ಪುರುಸೊತ್ತಿಲ್ಲ.

ವಿಷಯ ಕಿವಿಗೆ ಬಿದ್ದೊಡನೆ ಉಮಾಶ್ರೀ ಪಾಸಿನ ಪಟ್ಟಿ ತೆರೆದಳು. ಓದಿಕೊಂಡವರೆಲ್ಲ ಹೈಟೆಕ್ ಸಿಟಿಗೆ ಹಾರುತ್ತಿದ್ದ ಆ ದಿನಗಳಲ್ಲಿ ಈ ಕಾರ್ಖಾನೆಯ ಕಂಪ್ಯೂಟರ್ ವಿಭಾಗವೆಂದರೆ ಇವಳೊಬ್ಬಳೇ. ಅವಧಿ ಮುಗಿದವರ ಹೆಸರನ್ನು ಪಟ್ಟಿಯಿಂದ ತೆಗೆಯುವ ಪೈಥಾನ್ ಭಾಷೆಯ ಪ್ರೋಗ್ರಾಮನ್ನು ಬರೆದವಳೂ ಅವಳೇ. ಆರು ತಿಂಗಳಿಂದ ಅದು ಒಂದು ತಪ್ಪೂ ಮಾಡಿರಲಿಲ್ಲ, ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಇಪ್ಪತ್ತೆಂಟರಲ್ಲಿ ಹದಿನಾಲ್ಕು ಹೆಸರು ಪಟ್ಟಿಯಲ್ಲೇ ಉಳಿದಿದ್ದವು. ಹದಿಮೂರು ಹೆಂಗಸರು, ಒಬ್ಬ ಚನ್ನು. ಗಂಡಸರು ಹೋಗಿ ಹೆಂಗಸರಷ್ಟೇ ಉಳಿಯುವುದೆಂದರೇನು? ಯಂತ್ರಕ್ಕೆ ಗಂಡು ಹೆಣ್ಣು ಗೊತ್ತಾಗುತ್ತದೆಯೇ? ಯಾರೋ ಕೈಯಾಡಿಸಿದ್ದಾರೆ. ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಇದ್ದದ್ದು ಇನ್ನೊಬ್ಬರಿಗೆ ಮಾತ್ರ, ಗೇಟಿನ ಗುಮಾಸ್ತೆ ದಾನೇಶ್ವರಿಗೆ. ಆಕೆಯೂ ಯಾದಗಿರಿಯವಳೇ, ಆ ಹೆಂಗಸರ ಜೊತೆ ಕೂತು ದಿನವೂ ಊಟ ಮಾಡುತ್ತಿದ್ದವಳು. ಉಮಾಶ್ರೀಗೆ ಎಲ್ಲವೂ ತಾಳೆಯಾಯಿತು. ಹಿಂದೆಮುಂದೆ ನೋಡದೆ ಮ್ಯಾನೇಜರ್ ರಾಮಕೃಷ್ಣರ ಬಳಿ ಹೋಗಿ, "ತೆಗೆದ ಹೆಸರನ್ನ ಆಕಿ ಮತ್ತ ಸೇರಿಸ್ಯಾಳ ಸರ್" ಎಂದುಬಿಟ್ಟಳು.

ದಾನೇಶ್ವರಿಯ ಕಾರ್ಡನ್ನು ಕಿತ್ತುಕೊಂಡು ಗೇಟಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಮೂರು ಗಂಟೆಗೆ ವಿಚಾರಣೆ. ಆರೋಪ ನಿಜವೆಂದಾದರೆ ಹನ್ನೊಂದು ವರ್ಷದ ನೌಕರಿ ಅಲ್ಲಿಗೇ ಮುಗಿದಂತೆ. ಹೋಗಿಬರುವವರೆಲ್ಲ ಆಕೆಯನ್ನು ನೋಡಿಕೊಂಡೇ ಹೋದರು.

ಮಧ್ಯಾಹ್ನ ಅದೇ ದಾರಿಯಲ್ಲಿ ಬಂದ ಉಮಾಶ್ರೀಯನ್ನು ದಾನೇಶ್ವರಿ ತಡೆದಳು.

"ಮೇಡಂ, ನಾ ಪಟ್ಟಿ ಮುಟ್ಟಿಲ್ರಿ. ನಮ್ಮೋರನ್ನ ಉಳಸೋದಿದ್ರ ಬಂಡೆಮ್ಮನ ಹೆಸರ ಯಾಕ ಬಿಡ್ತಿದ್ದೆ? ಆಕಿ ನಮ್ಮ ಸ್ವಾದರತ್ತಿ ಮಗಳು. ಆಕಿ ಹೋಗ್ಯಾಳ, ಆಕಿ ತಮ್ಮ ಚನ್ನು ಉಳದಾನ. ಇದ್ಯಾವ ಲೆಕ್ಕರಿ?"

ಭಾರಿ ಚಾಲಾಕಿ, ಅನುಮಾನ ಬರಬಾರದೆಂದೇ ಹಾಗೆ ಮಾಡಿರಬೇಕು, ಎಂದುಕೊಂಡಳು ಉಮಾಶ್ರೀ. ಸಂಶಯ ಒಮ್ಮೆ ಹೊಕ್ಕರೆ ಎದುರಿನವರ ಸತ್ಯವೂ ಹೂಟವಾಗಿಯೇ ಕಾಣುತ್ತದೆ. ಆಕೆಯ ಬಾಯಿ ಮುಚ್ಚಿಸಲೆಂದೇ ಅವಳು ಶನಿವಾರ ಹೆಸರು ತೆಗೆಯುವ ಮೊದಲಿನ ಪಟ್ಟಿಯ ಪ್ರತಿಯನ್ನು ತನ್ನ ಕಂಪ್ಯೂಟರಿಗೆ ಹಾಕಿ ಪ್ರೋಗ್ರಾಮ್ ಓಡಿಸಿದಳು. ಒಂದು ಹೆಸರೂ ಉಳಿಯುವುದಿಲ್ಲ, ಅದೇ ಸಾಕ್ಷಿ.

ಹದಿನಾಲ್ಕು ಉಳಿದವು. ಅದೇ ಹದಿಮೂರು ಹೆಂಗಸರು, ಅದೇ ಚನ್ನು.

ಉಮಾಶ್ರೀ ಕುರ್ಚಿ ಹತ್ತಿರ ಎಳೆದುಕೊಂಡಳು. ಮೂಲ ಪಟ್ಟಿಯನ್ನು ಕ್ರಮವಾಗಿ ಓದಿದಳು: ಗೊಲ್ಲಾಳಪ್ಪ, ಅವನ ಹೆಂಡತಿ ಯಂಕಮ್ಮ. ಬೂದೆಪ್ಪ, ಅವನ ಹೆಂಡತಿ ಅನ್ನಮ್ಮ. ಕೂಲಿಯವರು ಊರಿನಿಂದ ಜೋಡಿಯಾಗಿಯೇ ಬರುತ್ತಾರೆ, ಹೆಸರನ್ನೂ ಜೋಡಿಯಾಗಿಯೇ ಬರೆಸುತ್ತಾರೆ, ಗಂಡ ಮೊದಲು. ಗಂಡ ತೀರಿಕೊಂಡಿದ್ದ ಬಂಡೆಮ್ಮ ಮಾತ್ರ ತಮ್ಮನ ಜೊತೆ ಬಂದು ಹಿರಿಯಳೆಂದು ತನ್ನ ಹೆಸರನ್ನು ಮೊದಲು ಬರೆಸಿದ್ದಳು. ಪಟ್ಟಿಯಲ್ಲಿ ಉಳಿದವರೆಲ್ಲ ಜೋಡಿಯ ಎರಡನೆಯವರು!

ನಾಲ್ಕು ಚೀಟಿಗಳ ಮೇಲೆ ಹೆಸರು ಬರೆದು ಮೇಜಿನ ಮೇಲೆ ಸಾಲಾಗಿಟ್ಟಳು. ಬೆರಳು ಮೊದಲ ಜಾಗದ ಮೇಲೆ, ಗೊಲ್ಲಾಳಪ್ಪ. ಅವನನ್ನು ತೆಗೆದಳು. ಖಾಲಿ ಜಾಗ ತುಂಬಲು ಉಳಿದವೆಲ್ಲ ಒಂದೊಂದು ಜಾಗ ಮುಂದೆ ಸರಿದವು. ಈಗ ಮೊದಲ ಜಾಗದಲ್ಲಿ ಯಂಕಮ್ಮ. ಆದರೆ ಲೂಪು, ಅಂದರೆ ಪಟ್ಟಿಯನ್ನು ಒಂದೊಂದಾಗಿ ನೋಡುತ್ತ ಹೋಗುವ ಪ್ರೋಗ್ರಾಮಿನ ಭಾಗ, ನೆನಪಿಟ್ಟುಕೊಳ್ಳುವುದು ಹೆಸರನ್ನಲ್ಲ, ಎಷ್ಟನೆಯ ಜಾಗ ಎಂಬುದನ್ನು. ಮೊದಲನೆಯದು ಆಯಿತೆಂದು ಬೆರಳು ಎರಡನೆಯದಕ್ಕೆ ಹೋಯಿತು, ಅಲ್ಲಿದ್ದವನು ಬೂದೆಪ್ಪ. ಯಂಕಮ್ಮನನ್ನು ಅದು ನೋಡಲೇ ಇಲ್ಲ. ಒಬ್ಬರನ್ನು ತೆಗೆದಾಗಲೆಲ್ಲ ಅವರ ಹಿಂದಿದ್ದವರು ತಪ್ಪಿಸಿಕೊಳ್ಳುತ್ತಿದ್ದರು. ಇಷ್ಟು ದಿನ ಅಲ್ಲೊಬ್ಬ ಇಲ್ಲೊಬ್ಬ ಕೆಲಸ ಬಿಡುತ್ತಿದ್ದುದರಿಂದ, ತಪ್ಪಿಸಿಕೊಂಡವರು ಹೇಗೂ ಉಳಿಯಬೇಕಾದವರೇ ಆಗಿರುತ್ತಿದ್ದರು. ಈ ಸಲ ಇಪ್ಪತ್ತೆಂಟು ಮಂದಿಯೂ ಒಬ್ಬರ ಹಿಂದೊಬ್ಬರು ಇದ್ದರು.

ಲೂಪನ್ನು ಪಟ್ಟಿಯ ನಕಲಿನ ಮೇಲೆ ಓಡಿಸಿ, ಅಸಲಿನಿಂದ ಹೆಸರು ತೆಗೆದಳು. ಒಂದೂ ಉಳಿಯಲಿಲ್ಲ. ಸರಿಪಡಿಸಲು ಎರಡು ನಿಮಿಷ ಹಿಡಿಯಿತು. ಎದ್ದು ಮ್ಯಾನೇಜರರ ಕೋಣೆಗೆ ಹೋಗಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆ ಯೋಚನೆಯೂ ಬಂದುಹೋಯಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

ರಾಮಕೃಷ್ಣರು ಎಲ್ಲ ಕೇಳಿ ದಾನೇಶ್ವರಿಯನ್ನು ಕರೆಸಿದರು, ಕಾರ್ಡು ಕೈಗಿತ್ತರು.

"ಕಂಪ್ಯೂಟರ್ ತಪ್ಪಮ್ಮ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

"ಕಂಪ್ಯೂಟರ್ ತಪ್ಪಲ್ಲ ಸರ್, ನಂದು. ದಾನಕ್ಕಾ, ತಪ್ಪಾತ್ರಿ" ಎಂದ ಉಮಾಶ್ರೀ, ಶನಿವಾರದ ಪಟ್ಟಿಯ ಮೇಲೆ ಪ್ರೋಗ್ರಾಮ್ ಓಡಿಸಿ ನೋಡಿದ್ದನ್ನೂ ಹೇಳಿದಳು.

ದಾನೇಶ್ವರಿ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ನಿಂತಿದ್ದಳು.

"ಶನಿವಾರದ ಪಟ್ಟಿ ಬೆಳಿಗ್ಗೆನೂ ನಿಮ್ಮ ಕಡೆ ಇತ್ತಲ್ರಿ ಮೇಡಂ?"

"ಇತ್ತು."

"ಮೊದಲ ಅದನ್ನ ನೋಡಾಕ ಬರ್ತಿರಲಿಲ್ಲೇನು?"