ಬಾಗಿಲು ಹಾಕಿದ ತಿಂಗಳ ಅತಿಥಿಗಳು

ನಮ್ಮ ಅತ್ತಿಗೆಯ ಲಾಡ್ಜ್‌ನಲ್ಲಿ ತಿಗಣೆ ಇದೆಯಂತೆ. ಹಾಸಿಗೆ ನಾರುತ್ತದಂತೆ. ಸಿಬ್ಬಂದಿ ಒರಟರಂತೆ. ಸಿಬ್ಬಂದಿ ಎಂದರೆ ನಾನೇ, ಹಾಗಾಗಿ ಕೊನೆಯದನ್ನು ಪೂರ್ತಿ ಅಲ್ಲಗಳೆಯಲಾರೆ. ಮಿಕ್ಕಿದ್ದೆಲ್ಲ ಹಸಿ ಸುಳ್ಳು.

ಪ್ರವಾಸದ ವೆಬ್‌ಸೈಟಿನಲ್ಲಿ ಒಂದೇ ವಾರದೊಳಗೆ ಒಂದು ಸ್ಟಾರ್‌ನ ವಿಮರ್ಶೆಗಳು ಸಾಲುಗಟ್ಟಿ ಬಂದವು. ರೇಟಿಂಗ್ ನೆಲಕಚ್ಚಿತು, ರಜೆಯ ಬುಕಿಂಗ್‌ಗಳು ಒಂದೊಂದಾಗಿ ರದ್ದಾದವು. ಹೀಗೇ ಮುಂದುವರಿದರೆ ಅತ್ತಿಗೆ ಲಾಡ್ಜ್‌ಗೆ ಬೀಗ ಹಾಕಬೇಕಿತ್ತು.

ಅಣ್ಣ ಕೆಂಡಾಮಂಡಲವಾಗಿದ್ದ. "ಒಬ್ಬ ಏಜೆಂಟ್ ಸಿಕ್ಕಿದಾನೆ. ಎಷ್ಟು ಬೇಕಾದ್ರೂ ಐದು ಸ್ಟಾರ್ ಹಾಕಿಸ್ತಾನಂತೆ."

"ಯಾರೋ ಸುಳ್ಳು ಬರೆಸಿದ್ರು ಅಂತ ನಾವೂ ಬರೆಸೋದಾ?" ಎಂದರು ಅತ್ತಿಗೆ. "ಸಿಕ್ಕಿಬಿದ್ರೆ ನಮ್ಮ ಪುಟಾನೇ ತೆಗೆದುಹಾಕ್ತಾರೆ. ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ರೀ."

ಅತ್ತಿಗೆ ಮತ್ತು ನಾನು ಕೌಂಟರಿನಲ್ಲಿ ಕುಳಿತು ಬರೆದವರ ಖಾತೆಗಳನ್ನು ಒಂದೊಂದಾಗಿ ತೆರೆದೆವು. ಹೆಚ್ಚಿನವು ಹೊಚ್ಚ ಹೊಸವು. ನಮಗೆ ಉಗಿದವರೆಲ್ಲ ಪಕ್ಕದ ಬೀದಿಯ ಹೊಸ ಹೋಟೆಲಿಗೆ ಐದು ಸ್ಟಾರ್ ಕೊಟ್ಟು, 'ಮನೆಯಂಥ ಆದರ' ಎಂದು ಒಂದೇ ಬಾಯಲ್ಲಿ ಹೊಗಳಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಇಷ್ಟು ಸಾಕಲ್ವಾ ಅತ್ತಿಗೆ?"

"ಅನುಮಾನಕ್ಕೆ ಸಾಕು. ಇವರು ಇಲ್ಲಿಗೆ ಬಂದೇ ಇಲ್ಲ ಅಂತ ತೋರಿಸ್ಬೇಕು."

ಪ್ರತಿ ವಿಮರ್ಶೆಯ ಕೆಳಗೆ, ಯಾವ ತಿಂಗಳು ತಂಗಿದ್ದರೆಂದು ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದುತ್ತ ಅತ್ತಿಗೆ ನಗತೊಡಗಿದರು. "ನೋಡೇ, ಎಲ್ಲಾರೂ ನಾವು ನೆಲ ಕಿತ್ತ ತಿಂಗಳಲ್ಲೇ ಬಂದು ಮಲಗಿದಾರೆ."

ಟೈಲ್ಸ್ ಬದಲಿಸಲು ಆ ತಿಂಗಳು ಪೂರ್ತಿ ಬಾಗಿಲು ಹಾಕಿದ್ದೆವು. ಅಣ್ಣ ಬಾಗಿಲಿಗೆ ಚೀಟಿ ಅಂಟಿಸಿ, ವೆಬ್‌ಸೈಟಿನಲ್ಲಿ ಹಾಕುವುದನ್ನು ಮರೆತಿದ್ದ. ಬುಕ್ ಮಾಡಿದವರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿ ನಮಗೆ ಸಾಕುಸಾಕಾಗಿತ್ತು. ಅತ್ತಿಗೆ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದ್ದರು. ಎಲ್ಲೋ ಕೂತು ಕೂಲಿಗೆ ಬರೆಯುವವರಿಗೆ ಬಾಗಿಲ ಚೀಟಿ ಹೇಗೆ ಕಾಣಬೇಕು?

ಟೈಲ್ಸ್‌ನವರ ಬಿಲ್ಲು, ಕಿತ್ತ ನೆಲದ ತಾರೀಖಿರುವ ಫೋಟೋಗಳು, ಆ ಖಾತೆಗಳ ಲಿಂಕುಗಳು, ಎಲ್ಲವನ್ನೂ ವೆಬ್‌ಸೈಟಿನವರಿಗೆ ಬರೆದ ದೂರಿಗೆ ಸೇರಿಸಿದೆವು. ಅಣ್ಣ ಬಗ್ಗಿ ನೋಡಿ, "ಈ ಎರಡು ಸ್ಟಾರಿನ ವಿಮರ್ಶೆನೂ ಸೇರಿಸ್ಬಿಡಿ" ಎಂದ.

ಅದರಲ್ಲಿ ಮೇಲಿನ ಮೂಲೆ ಕೋಣೆಗೆ ಬಿಸಿನೀರು ಬರಲು ಯುಗವೇ ಬೇಕು ಎಂದು ಬರೆದಿತ್ತು. ಖಾತೆ ಹಳೆಯದು. ಅದೇ ಮನುಷ್ಯ ಒಂದು ಹೋಮ್‌ಸ್ಟೇಗೆ ಮೂರು ಸ್ಟಾರ್ ಕೊಟ್ಟು, ಅಲ್ಲಿನ ಕುಕ್ಕರಿನ ಹಿಡಿಯ ಬಗ್ಗೆ ಉದ್ದಕ್ಕೆ ಗೊಣಗಿದ್ದ.

"ಇದು ನಿಜ" ಎಂದರು ಅತ್ತಿಗೆ. "ಬಂದು ಉಳಿದವರು ಹೀಗೇ ಬರೆಯೋದು. ಇದು ಇರ್ಲಿ. ನೀವು ಗೀಸರ್ ಸರಿ ಮಾಡ್ಸಿ."

ಮುಂದಿನ ವಾರ ಸುಳ್ಳು ವಿಮರ್ಶೆಗಳೆಲ್ಲ ಮಾಯವಾದವು. ನಮ್ಮ ರೇಟಿಂಗ್ ಮೊದಲಿನಂತಾಯಿತು. ಪಕ್ಕದ ಬೀದಿಯ ಹೋಟೆಲಿನ ಪುಟದ ನೆತ್ತಿಯ ಮೇಲೆ 'ಇಲ್ಲಿ ಅನುಮಾನಾಸ್ಪದ ವಿಮರ್ಶೆಗಳು ಪತ್ತೆಯಾಗಿವೆ' ಎಂಬ ಕೆಂಪು ಪಟ್ಟಿ ಬಿತ್ತು. ನಾನದನ್ನು ಅಣ್ಣನಿಗೆ ಕೇಳುವಂತೆ ಜೋರಾಗಿ, ಮತ್ತೆ ಮತ್ತೆ ಓದಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಂದೇ ಫೋನ್ ಬಂತು. ಒಬ್ಬ ಹೆಂಗಸು, "ಆ ಬಿಸಿನೀರಿನ ದೂರು ಓದಿದೆ, ಈಗ ಸರಿಯಾಗಿದೆಯಾ?" ಎಂದು ಕೇಳಿದಳು.

"ನಿನ್ನೆ ತಾನೇ ಸರಿ ಮಾಡ್ಸಿದೀವಿ" ಎಂದರು ಅತ್ತಿಗೆ.

"ಹಾಗಾದ್ರೆ ರಜಾಗೆ ಎರಡು ರೂಮ್ ಇಟ್ಟಿರಿ. ಬೈದಿದ್ದನ್ನೂ ಅಳಿಸದೆ ಇಟ್ಕೊಂಡಿದೀರಿ ಅಂದ್ಮೇಲೆ, ಹೊಗಳಿದ್ದನ್ನ ನಂಬಬಹುದು."