ಎಂಟು ಬೈಟಿನ ಜಾಗ

ಹತ್ತೊಂಬತ್ತು ವರ್ಷದಿಂದ ಮನೆಮನೆಗೆ ಇಂಟರ್ನೆಟ್ ಲೈನ್ ಹಾಕುತ್ತಿದ್ದೇನೆ. ಕಂಬ ಹತ್ತಿದ್ದೇನೆ, ನಾಯಿಗಳಿಂದ ಕಚ್ಚಿಸಿಕೊಂಡಿದ್ದೇನೆ, ನನ್ನಷ್ಟು ಲೈನ್ ಬಲ್ಲವನು ಈ ಊರಿನಲ್ಲಿ ಇಲ್ಲ ಎಂದು ಎದೆ ತಟ್ಟಿಕೊಂಡಿದ್ದೇನೆ. ಆ ಎದೆಯನ್ನು ಈಗ ತಟ್ಟಿಕೊಳ್ಳಲು ಕೈ ಬರುವುದಿಲ್ಲ. ದರ್ಜಿಯ ಮನೆಯ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ದೊಡ್ಡ ತಪ್ಪೇನಲ್ಲ, ಒಂದು ಚಿಕ್ಕ ಅಂಕಿ. ಅದಕ್ಕೇ ಇನ್ನೂ ನೋಯುತ್ತದೆ.

ದರ್ಜಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ಅವರ ಅಣ್ಣನಿಗೂ ಹಾಗೇ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಓದುಬರಹ ಇಲ್ಲ. ಚಿಕ್ಕಂದಿನಲ್ಲಿ ತಾವಿಬ್ಬರೇ ಕಟ್ಟಿಕೊಂಡ ಕೈಭಾಷೆಯಲ್ಲೇ ಅರವತ್ತು ವರ್ಷ ಮಾತಾಡಿಕೊಂಡು ಬಂದವರು. ಅಣ್ಣ ಇರುವುದು ದೂರದ ಊರಿನಲ್ಲಿ, ಬಸ್ಸಿನಲ್ಲಿ ಒಂದೂವರೆ ದಿನದ ದಾರಿ. ಹಾಗಾಗಿ ದಿನಾ ಸಂಜೆ ಅಂಗಡಿಯ ಕತ್ತರಿ ಕೆಳಗಿಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತು ವಿಡಿಯೋ ಕರೆ ಮಾಡುವುದು ದರ್ಜಿಯ ರೂಢಿ. ಅವರ ಹೆಂಡತಿಗೆ ಕಿವಿ, ಬಾಯಿ ಎರಡೂ ಚುರುಕು. ಗಂಡನ ಕೈಮಾತು ಆಕೆಗೆ ಬರುತ್ತದೆ, ಆದರೆ ಅಣ್ಣತಮ್ಮಂದಿರು ತಮ್ಮ ಬಾಲ್ಯದ ಕೈಮಾತಿಗೆ ಇಳಿದರೆ ಆಕೆಗೂ ಅರ್ಧಕ್ಕರ್ಧ ತಿಳಿಯುವುದಿಲ್ಲ.

ಅಣ್ಣನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿ ಆಸ್ಪತ್ರೆ ಸೇರಿದ ವಾರವೇ ದರ್ಜಿಯ ಮನೆಯ ಹಳೆಯ ರೌಟರ್ ಸುಟ್ಟುಹೋಯಿತು. ನಾನೇ ಹೋಗಿ ಹೊಸದು ಕೂರಿಸಿದೆ.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಹೊಸ ರೌಟರ್‌ಗೆ ಒಂದೊಂದೇ ಅಂಕಿ ತುಂಬುವ ಗೋಜಿಲ್ಲ, ಸಿದ್ಧ ಫೈಲೊಂದನ್ನು ಏರಿಸಿಬಿಟ್ಟರೆ ಎಲ್ಲವೂ ತಾನೇ ಕೂರುತ್ತದೆ. ಊರಿನ ಮುಕ್ಕಾಲು ಪಾಲು ಹೊಸ ಲೈನಿಗೆ ಬಂದಿದೆ, ಫೈಲು ಅದರ ಅಳತೆಯದು. ದರ್ಜಿಯ ಬೀದಿ ಮಾತ್ರ ಇನ್ನೂ ಹಳೆಯ ಪಿಪಿಪಿಓಇ ಲೈನು, ಅಂದರೆ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೇ ಬಾಗಿಲು ತೆರೆಯುವಂಥದ್ದು. ನಾನು ಫೈಲು ಏರಿಸಿದೆ, ಹೆಸರು ಪಾಸ್‌ವರ್ಡ್ ಒತ್ತಿದೆ, ಹಸಿರು ದೀಪ ಬಂತು. ಮಾಹಿತಿಯ ಒಂದೊಂದು ಕಟ್ಟು, ಅಂದರೆ ಪ್ಯಾಕೆಟ್ಟು, ಹೆಚ್ಚೆಂದರೆ ಎಷ್ಟು ಬೈಟು ಇರಬಹುದು ಎನ್ನುವ ಎಂಟಿಯು ಸಾಲಿನಲ್ಲಿ 1500 ಎಂದೇ ಉಳಿದಿತ್ತು. ನಾನು ನೋಡಲೇ ಇಲ್ಲ.

ಎರಡನೇ ದಿನವೇ ದೂರು ಬಂತು. ಹೋದೆ. ದರ್ಜಿ ಲ್ಯಾಪ್‌ಟಾಪು ತೆರೆದು ತೋರಿಸಿದರು. ಆಸ್ಪತ್ರೆಯ ಹಾಸಿಗೆ, ದಿಂಬಿಗೆ ಒರಗಿದ ಅಣ್ಣ, ಬಲಗೈ ಎತ್ತಿದ್ದಾರೆ. ಕೈ ಅಲ್ಲೇ ನಿಂತಿತು. ಚಿತ್ರ ಚೌಕಚೌಕವಾಗಿ ಒಡೆಯಿತು. ಮತ್ತೆ ಬಂದಾಗ ಕೈ ಇನ್ನೆಲ್ಲೋ ಇತ್ತು. ನಡುವಿನ ಮಾತು ಎಲ್ಲಿ ಹೋಯಿತೋ.

"ಮಾತು ಕೇಳುತ್ತಾ ಅಮ್ಮ?" ಎಂದು ದರ್ಜಿಯ ಹೆಂಡತಿಯನ್ನು ಕೇಳಿದೆ. ಎಲ್ಲ ಮನೆಯಲ್ಲೂ ನಾವು ಕೇಳುವ ಮೊದಲ ಪ್ರಶ್ನೆ ಅದು.

"ಮಾತೇನೋ ಚೆನ್ನಾಗಿ ಕೇಳುತ್ತೆ ಕಣಪ್ಪ. ಭಾವನ ಮಗ ಪಕ್ಕದಲ್ಲೇ ಇರ್ತಾನೆ, ಅವನು ಉಸಿರು ಬಿಟ್ಟರೂ ಕೇಳುತ್ತೆ. ಆದರೆ ಇವರಿಗೆ ಅದನ್ನ ತಗೊಂಡು ಏನಾಗಬೇಕು?"

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸ್ಪೀಡ್ ಟೆಸ್ಟ್ ಹಚ್ಚಿದೆ. ಮುಳ್ಳು ಸರ್ರನೆ ಮೇಲೇರಿ ತುದಿ ಮುಟ್ಟಿತು. ಮುಳ್ಳು ತುದಿ ಮುಟ್ಟಿದ ಫೋಟೊ ಆಫೀಸಿಗೆ ಕಳಿಸಿದರೆ ದೂರು ಮುಗಿದಂತೆ ಲೆಕ್ಕ. ಕಳಿಸಿದೆ.

"ಲೈನು ಬಂಗಾರ ಇದ್ದ ಹಾಗಿದೆ. ಆಸ್ಪತ್ರೆ ಕಡೆಯದ್ದೇ ತೊಂದರೆ, ಅಲ್ಲಿ ನೂರು ಜನ ಒಂದೇ ವೈಫೈ ಎಳೀತಾರೆ. ಎರಡು ಮೂರು ದಿನದಲ್ಲಿ ತಾನೇ ಸರಿಹೋಗುತ್ತೆ," ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕತೆ.

ದರ್ಜಿ ಕೈಯಾಡಿಸಿ ಏನೋ ಕೇಳಿದರು. ಹೆಂಡತಿ ಹೇಳಿದಳು: "ಸರಿಹೋಗಲ್ಲ ಅಂದ್ರೆ ಹೇಳಿಬಿಡಲಿ, ನಾನು ಇವತ್ತೇ ಬಸ್ಸು ಹತ್ತಿ ಅಣ್ಣನ ಹತ್ರ ಹೋಗ್ತೀನಿ ಅಂತಿದ್ದಾರೆ. ದಿನಾ ಏನೋ ಹೇಳೋಕೆ ನೋಡ್ತಿದ್ದಾರಂತೆ ಭಾವ, ಒಂದೇ ಮಾತು, ಪದೇಪದೇ. ಪೂರ್ತಿ ಕಾಣ್ತಿಲ್ಲ ಅಂತ ಇವರಿಗೆ ಸಂಕಟ."

"ಈ ವಯಸ್ಸಿನಲ್ಲಿ ಅಷ್ಟು ದೂರ ಯಾಕೆ ಒದ್ದಾಡ್ತೀರಿ ಯಜಮಾನ್ರೇ? ಎರಡು ದಿನ ತಾಳಿ, ನನ್ನ ಮಾತು ನಂಬಿ," ಎಂದು ಅವರ ಭುಜ ತಟ್ಟಿದೆ. ನನ್ನ ತುಟಿ ನೋಡುತ್ತಿದ್ದವರು ಹೆಂಡತಿಯ ಕೈ ನೋಡಿದರು, ಆಮೇಲೆ ತಲೆಯಾಡಿಸಿದರು. ನಂಬಿದರು.

ನಂಬಿದ್ದು ಆ ಬಡಪಾಯಿಯ ತಪ್ಪಲ್ಲ. ಹತ್ತೊಂಬತ್ತು ವರ್ಷದ ಅನುಭವಿ ಎದುರಿಗೆ ನಿಂತು ಅಷ್ಟು ಗಟ್ಟಿಯಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ.

ನಾಲ್ಕು ದಿನ ಬಿಟ್ಟು ಮತ್ತೆ ದೂರು. ಈ ಸಲ ಹೋಗಲೂ ಇಲ್ಲ. ಫೋನಿನಲ್ಲೇ "ರೌಟರ್ ಆಫ್ ಮಾಡಿ ಆನ್ ಮಾಡಿ" ಎಂದು ಹೇಳಿ ಮುಗಿಸಿದೆ. ಲೋಕದ ಎಲ್ಲ ರೋಗಕ್ಕೂ ನಮ್ಮಲ್ಲಿ ಇರುವುದು ಅದೊಂದೇ ಕಷಾಯ.

ಒಂಬತ್ತನೇ ದಿನ ಬೆಳಿಗ್ಗೆ ದರ್ಜಿಯ ಹೆಂಡತಿ ಆಫೀಸಿಗೇ ಫೋನ್ ಮಾಡಿದಳು. ಎತ್ತಿಕೊಂಡದ್ದು ಆಫೀಸಿನಲ್ಲಿ ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವರು. ಇಡೀ ಊರಿನ ಲೈನುಗಳು ಬಂದು ಸೇರುವ ತಣ್ಣನೆಯ ಕೋಣೆಯಲ್ಲಿ ಶಾಲು ಹೊದ್ದು ಕೂರುವ ಹಿರಿಯ ಇಂಜಿನಿಯರ್. ಅವರು ಮಾತಾಡುವುದು ಕಮ್ಮಿ, ಕೇಳಿಸಿಕೊಳ್ಳುವುದು ಹೆಚ್ಚು. ಪೂರ್ತಿ ಕೇಳಿ, ಫೋನಿಟ್ಟು ನನ್ನನ್ನು ಕರೆದರು.

"ಆ ಮನೇಲಿ ಬ್ಯಾಂಕಿನ ಪುಟ ಅರ್ಧ ಬಂದು ನಿಲ್ಲುತ್ತಂತೆ. ಮೇಲಿನ ಹೆಸರು ಬರುತ್ತೆ, ಕೆಳಗಡೆ ಬರೀ ಬಿಳಿ. ಬೇರೆ ಕೆಲವು ಸೈಟು ಪಟ್ ಅಂತ ತೆರೆಯುತ್ತಂತೆ. ಕರೆಯಲ್ಲಿ ಧ್ವನಿ ಸರಿ, ಚಿತ್ರ ಕಟ್. ಈ ದೂರನ್ನ ನೀನು ಎರಡು ಸಲ ಮುಗಿಸಿದ್ದೀಯ."

"ಸ್ಪೀಡ್ ಫುಲ್ ಇತ್ತಕ್ಕ."

"ಸ್ಪೀಡ್ ಟೆಸ್ಟ್ ಓಡೋದು ನಮ್ಮದೇ ಸರ್ವರ್‌ಗೆ. ಅದು ಪ್ಯಾಕೆಟ್ ಚಿಕ್ಕದು ಮಾಡಿಯೇ ಕಳಿಸೋ ಹಾಗೆ ನಾನೇ ಇಟ್ಟಿದ್ದೀನಿ. ಅದು ಎಲ್ಲಿ ಬೇಕಾದರೂ ನುಗ್ಗುತ್ತೆ." ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ಬೀದಿ ಪಿಪಿಪಿಓಇ ಅಲ್ವಾ? ಎಂಟಿಯು ಎಷ್ಟಿಟ್ಟಿದ್ದೀಯ?"

ಕೀಲಿ ಎತ್ತಿಕೊಂಡು ಗಾಡಿ ಹತ್ತಿದೆ.

ದರ್ಜಿ ಅಂಗಡಿಯಲ್ಲೇ ಇದ್ದರು, ಅಂಗಿಯೊಂದರ ತೋಳು ಕತ್ತರಿಸುತ್ತಿದ್ದರು. ಲ್ಯಾಪ್‌ಟಾಪು ಇಸಿದುಕೊಂಡು, ಪ್ಯಾಕೆಟ್ಟನ್ನು ತುಂಡು ಮಾಡಬಾರದು ಎಂದು ತಾಕೀತು ಮಾಡಿ, ಆ ತುದಿ ಮುಟ್ಟಿತೇ ಎಂದು ಕೇಳುವ ಪಿಂಗ್ ಕಳಿಸಿದೆ. ಅಳತೆ 1472 ಬೈಟು ಇಟ್ಟೆ, ಉತ್ತರವಿಲ್ಲ. 1465, ಆಗಲೂ ಇಲ್ಲ. 1464 ಇಟ್ಟ ಕೂಡಲೇ ಸಾಲಾಗಿ ನಾಲ್ಕು ಉತ್ತರ ಬಂತು. ಪಿಂಗ್‌ನ ವಿಳಾಸದ ಭಾಗಕ್ಕೆ ಹೋಗುವ ಇಪ್ಪತ್ತೆಂಟು ಕೂಡಿಸಿದರೆ 1492, ಈ ಲೈನಿನಲ್ಲಿ ಹಿಡಿಸುವುದು ಅಷ್ಟೇ. ರೌಟರಿನ ಒಳಗೆ ಹೋಗಿ ನೋಡಿದರೆ 1500, ನಾನು ಬಿಟ್ಟುಹೋದ ಹಾಗೇ ಕೂತಿತ್ತು.

"ಏನಾಗಿತ್ತಪ್ಪ?" ಎಂದಳು ಹೆಂಡತಿ.

ಮೇಜಿನ ಮೇಲಿದ್ದ ತೋಳಿನ ಬಟ್ಟೆ ತೋರಿಸಿ ಹೇಳಿದೆ. "ಹೊಲಿಗೆಗೆ ಅಂತ ಅಂಚಿನಲ್ಲಿ ಸ್ವಲ್ಪ ಬಟ್ಟೆ ಬಿಡ್ತೀರಲ್ಲ ಅಮ್ಮ, ಹಾಗೆ. ಈ ಲೈನಿನಲ್ಲಿ ಪ್ರತಿ ಪ್ಯಾಕೆಟ್ಟಿಗೂ ಎಂಟು ಬೈಟಿನ ಒಂದು ಹೊದಿಕೆ ಹಾಕಬೇಕು. ಒಟ್ಟು ಅಳತೆ ಸಾವಿರದ ಐನೂರು ದಾಟೋ ಹಾಗಿಲ್ಲ. ಒಳಗಿನ ಮಾಲು ಎಂಟು ಕಮ್ಮಿ ಇರಬೇಕಿತ್ತು. ನಾನು ಆ ಎಂಟು ಬಿಡಲಿಲ್ಲ. ತುಂಬಿದ ಪ್ಯಾಕೆಟ್ ಬಂದಾಗೆಲ್ಲ ಬೀದಿಯ ಪೆಟ್ಟಿಗೆ ಅದನ್ನ ಸದ್ದಿಲ್ಲದೆ ಎಸೆದುಬಿಡುತ್ತೆ. ಧ್ವನಿಯ ಪ್ಯಾಕೆಟ್ ಚಿಕ್ಕದು, ಪಾರಾಗುತ್ತೆ. ಚಿತ್ರದ್ದು ದೊಡ್ಡದು."

ಆಕೆ ಕೈಯಲ್ಲಿ ಗಂಡನಿಗೆ ತಿಳಿಸಿದಳು. ದರ್ಜಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಇಷ್ಟೇ ಇಷ್ಟು ಜಾಗ ಮಾಡಿ ನನಗೆ ತೋರಿಸಿದರು. ಇಷ್ಟಕ್ಕಾ, ಎಂದು.

ಹೌದು, ಎಂದು ತಲೆಯಾಡಿಸಿದೆ.

1492 ಒತ್ತಿ ಉಳಿಸಿದೆ. ಲೈನು ಬಿಟ್ಟು ಮತ್ತೆ ಕೂಡಿಕೊಂಡಿತು. ಬ್ಯಾಂಕಿನ ಪುಟ ತಲೆಯಿಂದ ಕಾಲಿನವರೆಗೆ ಒಂದೇ ಉಸಿರಿಗೆ ತೆರೆಯಿತು. ಒಂಬತ್ತು ದಿನದ ಕೆಲಸ, ಒಂದೂವರೆ ನಿಮಿಷ. ಆದರೂ ಒಳಗೊಳಗೇ ಸ್ವಲ್ಪ ಬೀಗಿದೆ, ಸುಳ್ಳು ಹೇಳಲಾರೆ. "ಈಗ ಅಣ್ಣನಿಗೆ ಕರೆ ಮಾಡಿ ನೋಡಿ," ಎಂದು ಕೈಸನ್ನೆಯಲ್ಲೇ ಹೇಳಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

ಕರೆ ಹೋಯಿತು. ಚಿತ್ರ ಬಂತು. ಅಂಥ ಚಿತ್ರ ಆ ಮನೆಗೆ ಹಿಂದೆಂದೂ ಬಂದಿರಲಿಲ್ಲವೇನೋ, ಹೊದಿಕೆಯ ಎಳೆಗಳು ಕೂಡ ಕಾಣುತ್ತಿದ್ದವು. ಅಣ್ಣ ಅಂಗಾತ ಮಲಗಿದ್ದರು. ಬಲಗೈ ಹೊದಿಕೆಯ ಮೇಲೆ ಇತ್ತು.

ದರ್ಜಿ ಎರಡು ಕೈಯೆತ್ತಿ ಕರೆದರು. ಅಣ್ಣನ ಕೈ ಅಲುಗಲಿಲ್ಲ. ಮತ್ತೆ ಕರೆದರು. ಅಲುಗಲಿಲ್ಲ. ದರ್ಜಿ ನನ್ನ ಕಡೆ ತಿರುಗಿ ಪರದೆಯನ್ನು ಬೆರಳಿನಿಂದ ಕುಟ್ಟಿದರು. ಸಿಟ್ಟು ಬಂದಿತ್ತು. ನೋಡು, ಮತ್ತೆ ನಿಂತುಹೋಯಿತು, ಎಂಬ ಮುಖ. ಎದ್ದು ಹೋಗಿ ರೌಟರ್‌ನ ವೈರು ಹಿಡಿದು ಅಲುಗಿಸಿದರು.

ನಾನು ಪರದೆ ನೋಡಿದೆ. ಹಾಸಿಗೆಯ ಹಿಂದೆ ಕಿಟಕಿಯ ಪರದೆ ಗಾಳಿಗೆ ಆಡುತ್ತಿತ್ತು. ಬಾಟಲಿಯಿಂದ ನಳಿಕೆಗೆ ಹನಿಹನಿಯಾಗಿ ಔಷಧ ಬೀಳುತ್ತಿತ್ತು, ಒಂದು ಹನಿಯೂ ತಪ್ಪದೆ. ಅಣ್ಣ ಕಣ್ಣು ಮಿಟುಕಿಸಿದರು. ಚಿತ್ರ ನಿಂತಿರಲಿಲ್ಲ. ಈ ಮಾತನ್ನು ದರ್ಜಿಗೆ ಹೇಗೆ ಹೇಳುವುದೋ ತಿಳಿಯದೆ ನಾನು ಅವರ ಹೆಂಡತಿಯ ಮುಖ ನೋಡಿದೆ. ಆಕೆ ಆಗಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅಣ್ಣನ ಮಗ ಚಿತ್ರದೊಳಗೆ ಬಂದ. "ಚಿಕ್ಕಮ್ಮಾ, ಬೆಳಗಿನ ಜಾವ ಇನ್ನೊಂದು ಸಲ ಹೊಡೀತು. ಈ ಕೈಯೂ ಹೋಯ್ತು. ಡಾಕ್ಟರ್ ಈಗಷ್ಟೇ ನೋಡಿ ಹೋದರು, ನಾನೇ ಫೋನ್ ಮಾಡೋಣ ಅಂತಿದ್ದೆ. ಇನ್ನು ಕೈ ಏಳೋದು ಕಷ್ಟ ಅಂದ್ರು."

ಆಕೆ ಕೈಯಲ್ಲಿ ಹೇಳಿದಳು. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ದರ್ಜಿ ವೈರು ಬಿಟ್ಟು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಎರಡು ದಿನ ತಾಳಿ ಎನ್ನದೆ ಇದ್ದಿದ್ದರೆ ಈ ಮನುಷ್ಯ ಆ ಹಾಸಿಗೆಯ ಪಕ್ಕದಲ್ಲಿ ಐದು ದಿನದ ಹಿಂದೆಯೇ ಇರುತ್ತಿದ್ದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಬಂದವನು ನಾನು.

ದರ್ಜಿ ಅಣ್ಣನ ಮಗನತ್ತ ನೋಡಿ ಕೈಯಲ್ಲಿ ಏನೋ ಕೇಳಿದರು. ಹೆಂಡತಿ ಅದನ್ನು ಮಾತಿಗೆ ತಂದಳು: "ಇಷ್ಟು ದಿನ ಒಂದೇ ಮಾತು ಹೇಳ್ತಿದ್ದರಲ್ಲ ನಿಮ್ಮಪ್ಪ. ಅದನ್ನ ನೀನು ಹತ್ತಿರದಿಂದ ನೋಡಿದ್ದೀಯ. ಹೇಗೆ ಮಾಡ್ತಿದ್ದರು ತೋರಿಸು ಅಂತಾರೆ."

"ಅದು ಅವರಿಬ್ಬರ ಚಿಕ್ಕಂದಿನ ಮಾತು ಚಿಕ್ಕಮ್ಮ, ನನಗೆ ಬರಲ್ಲ. ಹೀಗೇನೋ ಮಾಡ್ತಿದ್ದರು." ಹುಬ್ಬು ಗಂಟಿಕ್ಕಿ, ಬಲಗೈಯನ್ನು ಎದೆಯ ಹತ್ತಿರ ತಂದು, ಬೆರಳು ಮಡಚಿ, ಹೊರಗೆ ತಿರುಗಿಸಿದ.

ದರ್ಜಿ ಮುಂದಕ್ಕೆ ಬಾಗಿ ನೋಡಿದರು. ಇಲ್ಲ, ಎಂದು ತಲೆಯಾಡಿಸಿದರು. ಇನ್ನೊಮ್ಮೆ, ಎಂದರು.

ಹುಡುಗ ಇನ್ನೊಮ್ಮೆ ಮಾಡಿದ, ಈ ಸಲ ಬೇರೆ ಥರ. ಇನ್ನೊಮ್ಮೆ. ಮತ್ತೊಮ್ಮೆ. ಹಾಸಿಗೆಯಲ್ಲಿದ್ದವರು ಮಗನ ಕೈಯನ್ನೇ ನೋಡುತ್ತಿದ್ದರು, ತಪ್ಪು ತಪ್ಪು ಎನ್ನುವ ಹಾಗೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ದರ್ಜಿ ಬಿಡದೆ ಕೇಳುತ್ತಲೇ ಇದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ, ಅಲ್ಲಿ ಮಾಡುವ ಕೆಲಸ ನನಗೆ ಇನ್ನೇನೂ ಉಳಿದಿರಲಿಲ್ಲ. ಸುಮಾರು ಅರ್ಧ ಗಂಟೆ ಹಾಗೇ ನಡೆಯಿತು, ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.