ಎರಡಿದೆ, ಜೊತೆಯಿಲ್ಲ

ಬಿಡಿಭಾಗಗಳ ಸ್ಟೋರಿನಲ್ಲಿ ನಾವಿಬ್ಬರು. ನಾನು, ಮತ್ತು ತಕ್ಕಡಿ ಅಣ್ಣ. ನಟ್ಟು ಬೋಲ್ಟುಗಳನ್ನು ಎಣಿಸದೆ ತೂಗಿ ಲೆಕ್ಕ ಹೇಳುತ್ತಾರೆಂದು ಕಾರ್ಖಾನೆಯವರು ಇಟ್ಟ ಹೆಸರು. ನಾನು ಗಂಡ ತೀರಿಕೊಂಡ ಮೇಲೆ ಬಂದವಳು. ಸಂಖ್ಯಾಶಾಸ್ತ್ರ ಓದಿದ್ದೆ, ಕೆಲಸ ಬೇಕಿತ್ತು, ಇಲ್ಲಿ ಒಂದು ಕುರ್ಚಿ ಖಾಲಿಯಿತ್ತು.

ಮ್ಯಾನೇಜರ್ ಒಂದು ದಿನ ಕರೆದು ಹೇಳಿದರು.

"ವರ್ಷಕ್ಕೊಂದು ಸಲ ಸ್ಟೋರು ಮುಚ್ಚಿ ಎಲ್ಲ ಎಣಿಸೋದು ಸಾಕು. ಇನ್ಮೇಲೆ ದಿನಾ ಸ್ವಲ್ಪ ಸ್ವಲ್ಪ ಎಣಿಸೋಣ. ಯಾವುದನ್ನ ಎಷ್ಟು ಸಲ ಅಂತ ನೀವು ಲೆಕ್ಕ ಹಾಕಿ ಕೊಡಿ. ಒಬ್ಬರ ಕೈಲಿ ಆಗುತ್ತಾ ಅಂತಲೂ ನೋಡಿ."

"ಒಬ್ಬರ ಕೈಲಿ ಆದರೆ?"

"ತಕ್ಕಡಿ ಅಣ್ಣನ್ನ ಗುಜರಿ ಯಾರ್ಡಿಗೆ ಹಾಕ್ತೀನಿ. ಅಲ್ಲಿ ಜನ ಇಲ್ಲ."

ಗುಜರಿ ಯಾರ್ಡಿಗೆ ಸೂರಿಲ್ಲ. ತಕ್ಕಡಿ ಅಣ್ಣನಿಗೆ ನಿವೃತ್ತಿ ಇನ್ನೂ ದೂರ, ಮಂಡಿನೋವು ಹತ್ತಿರ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಎಲ್ಲಿಯೂ ತಾಗಲಿಲ್ಲ. ಆಗಲಿ ಎಂದು ಬಂದು ಕೂತೆ.

ಲೆಕ್ಕ ಕಷ್ಟದ್ದಲ್ಲ. ಒಂದು ಭಾಗ ವರ್ಷದಲ್ಲಿ ಎಷ್ಟು ಖರ್ಚಾಯಿತೋ ಅದನ್ನು ಬೆಲೆಯಿಂದ ಗುಣಿಸಬೇಕು. ಹೆಚ್ಚು ಹಣ ನುಂಗುವ ಕೆಲವೇ ಭಾಗಗಳು ಎ, ನಡುವಿನವು ಬಿ, ಉಳಿದ ದೊಡ್ಡ ರಾಶಿ ಸಿ. ದುಬಾರಿ ಭಾಗವಾದರೂ ಅಪರೂಪಕ್ಕೆ ಖರ್ಚಾದರೆ ಅದೂ ಸಿ. ಇನ್ನೊಂದು ಕಡೆಯಿಂದ, ತಿಂಗಳು ತಿಂಗಳು ಒಂದೇ ಸಮನೆ ಹೋಗುವುದು ಎಕ್ಸ್, ಏರಿಳಿಯುವುದು ವೈ, ಯಾವಾಗ ಬೇಕಾಗುತ್ತದೋ ಹೇಳಲಾಗದ್ದು ಝಡ್. ಎರಡನ್ನೂ ಅಡ್ಡ ಉದ್ದ ಇಟ್ಟರೆ ಒಂಬತ್ತು ಮನೆಗಳು. ಎ ಸಾಲಿನವನ್ನು ತಿಂಗಳಿಗೊಮ್ಮೆ ಎಣಿಸುವುದು, ಬಿ ಸಾಲಿನವನ್ನು ಮೂರು ತಿಂಗಳಿಗೊಮ್ಮೆ, ಬಿ-ಝಡ್ ಮಾತ್ರ ಎರಡು ತಿಂಗಳಿಗೊಮ್ಮೆ, ಸಿ ಸಾಲಿನವನ್ನು ವರ್ಷಕ್ಕೊಮ್ಮೆ. ನಮ್ಮ ಸ್ಟೋರಿನ ಅರ್ಧಕ್ಕಿಂತ ಹೆಚ್ಚು ಸಾಮಾನು ಸಿ-ಝಡ್‌ನಲ್ಲಿ ಬಿತ್ತು. ಅದು ವರ್ಷಕ್ಕೊಮ್ಮೆ ಆದ್ದರಿಂದಲೇ ಒಟ್ಟು ಕೆಲಸ ಒಬ್ಬರ ಕೈಗೆ ಹಿಡಿಸಿತು.

ತಕ್ಕಡಿ ಅಣ್ಣ ಹಿಂದೆ ನಿಂತು ನೋಡುತ್ತಿದ್ದರು.

"ನನ್ನ ಯಾವ ಮನೆಗೆ ಹಾಕಿದ್ಯಮ್ಮಾ?"

"ನಿಮ್ಮನ್ನಲ್ಲ ಅಣ್ಣ, ಸಾಮಾನನ್ನ."

"ನಾನೂ ಸಾಮಾನೇ ಅಲ್ವಾ. ಬೆಲೆ ಕಡಿಮೆ, ಯಾವಾಗ ಬೇಕಾಗ್ತೀನೋ ಗೊತ್ತಿಲ್ಲ. ಸಿ-ಝಡ್." ತಾವೇ ನಕ್ಕರು. "ಆ ಮನೆಯನ್ನ ವರ್ಷಕ್ಕೆ ಒಂದೇ ಸಲ ನೋಡ್ತೀಯಾ? ಸುಮ್ಮನೆ ಕೂತಿರೋದರ ಕಡೆ ಯಾರೂ ತಿರುಗಿ ನೋಡಲ್ಲ ಕಣಮ್ಮಾ."

ಇದನ್ನೇ ಮ್ಯಾನೇಜರ್ ಮುಂದೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲುಗಾಡದ ಸಾಮಾನು ಎಲ್ಲಿಗೆ ಹೋಗುತ್ತೆ?" ಪ್ರತಿ ಮನೆಯಿಂದ ಕೆಲವನ್ನು ಪರೀಕ್ಷೆಗೆ ಎಣಿಸಿ, ಲೆಕ್ಕ ಸರಿಬಂದರೆ ಸೋಮವಾರದಿಂದ ಜಾರಿ ಎಂದರು.

ನಾನೇ ಎಣಿಸಿದೆ. ಎಣಿಸುವವರ ಕಣ್ಣಿಗೆ ಕಂಪ್ಯೂಟರಿನ ಸಂಖ್ಯೆ ಬೀಳಬಾರದು, ಆದ್ದರಿಂದ ಎಣಿಕೆಯ ಚೀಟಿಯಲ್ಲಿ ಭಾಗದ ಹೆಸರು ಮತ್ತು ಇಟ್ಟ ಜಾಗ ಮಾತ್ರ. ಸಿ-ಝಡ್‌ನಲ್ಲಿ ಬಂದದ್ದು ದೊಡ್ಡ ಪಂಪಿನ ಬೇರಿಂಗ್ ಶೆಲ್. ದುಂಡಗಿನ ಬಳೆಯನ್ನು ಎರಡಾಗಿ ಸೀಳಿದ ಹಾಗೆ ಇರುತ್ತದೆ, ತಿರುಗುವ ದಂಡದ ಮೇಲೊಂದು ಅರ್ಧ, ಕೆಳಗೊಂದು ಅರ್ಧ ಕೂರುತ್ತದೆ. ಡಬ್ಬಿ ತೆರೆದೆ. ಎಣ್ಣೆ ಇಳಿಯುವ ತೂತಿನ ಮೇಲೆ ಬೆರಳಾಡಿತು, ಒಂದರಲ್ಲಿ, ಇನ್ನೊಂದರಲ್ಲಿ. ಎರಡು ಎಂದು ಬರೆದೆ. ಕಂಪ್ಯೂಟರಿನಲ್ಲೂ ಎರಡು. ಉಳಿದವೂ ಸರಿಬಂದವು.

ತಕ್ಕಡಿ ಅಣ್ಣ ಶನಿವಾರ ತಮ್ಮ ಲೋಟ, ಟವೆಲ್ಲು, ಗೋಡೆಯ ಕನ್ನಡಿ ತೆಗೆದು ಚೀಲಕ್ಕೆ ಹಾಕಿಕೊಂಡರು. ತಕ್ಕಡಿಯನ್ನು ಮಾತ್ರ ಒರೆಸಿ ಮೇಜಿನ ಮೇಲೇ ಬಿಟ್ಟರು.

"ಇದು ಕಂಪನಿದು," ಎಂದರು.

ನಮ್ಮ ಮನೆಯ ಬಾಗಿಲ ಹೊರಗೆ ನನ್ನ ಗಂಡನ ಚಪ್ಪಲಿ ಈಗಲೂ ಇರುತ್ತದೆ. ಹೆಂಗಸರಿಬ್ಬರೇ ಇರುವ ಮನೆ ಎಂದು ಬಂದುಹೋಗುವವರಿಗೆ ತಿಳಿಯುವುದು ಬೇಡ ಎಂದು ಅತ್ತೆ ಇಟ್ಟದ್ದು. ಭಾನುವಾರ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಗ್ಗಿದಾಗ ಅದರಲ್ಲಿ ಏನೋ ಹೊಂದಿಕೆಯಾಗಲಿಲ್ಲ.

"ಅತ್ತೆ, ಈ ಚಪ್ಪಲಿ?"

"ಬೀದಿನಾಯಿ ಒಂದನ್ನ ಎಳ್ಕೊಂಡು ಹೋಯ್ತು. ಅಟ್ಟದಲ್ಲಿ ಹಳೇದು ಒಂದಿತ್ತು, ಅದನ್ನ ಪಕ್ಕದಲ್ಲಿಟ್ಟೆ. ದೂರದಿಂದ ಯಾರಿಗೆ ಗೊತ್ತಾಗುತ್ತೆ?"

"ಎರಡೂ ಎಡಗಾಲಿಂದು."

"ಎರಡಿದೆಯಲ್ಲ, ಬಿಡು."

ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತೆ. ಅಳು ಬರಬಹುದೆಂದು ಅತ್ತೆ ನನ್ನ ಮುಖ ನೋಡಿದರು. ನನಗೆ ನೆನಪಾದದ್ದು ತೂತು. ಎಣ್ಣೆಯ ತೂತು ಇರುವುದು ಮೇಲಿನ ಅರ್ಧದಲ್ಲಿ ಮಾತ್ರ. ನಾನು ಎರಡರಲ್ಲೂ ಮುಟ್ಟಿದ್ದೆ.

ಸೋಮವಾರ ಮೊದಲು ಆ ಡಬ್ಬಿ ತೆರೆದೆ. ಎರಡೂ ಮೇಲಿನ ಅರ್ಧಗಳೇ. ಕಂಪ್ಯೂಟರಿನಲ್ಲಿ ಆ ಭಾಗದ ಅಳತೆ 'ಜೊತೆ'. ಅಲ್ಲಿದ್ದ ಎರಡು, ಎರಡು ಜೊತೆ. ನನ್ನ ಎರಡು, ಎರಡು ಬಿಡಿ. ನಮ್ಮಲ್ಲಿ ಒಂದು ಜೊತೆಯೂ ಇರಲಿಲ್ಲ.

ಪಂಪು ರಿಪೇರಿ ಮಾಡುವ ಫಿಟ್ಟರ್ ಮೇಸ್ತ್ರಿಯನ್ನು ಮ್ಯಾನೇಜರ್ ಕೋಣೆಗೇ ಕರೆಸಿದೆ. ಅವನು ಮುಚ್ಚಿಡಲಿಲ್ಲ.

"ಭಾರ ಬೀಳೋದು ಕೆಳಗಿನದರ ಮೇಲೆ ಸಾರ್, ಸವೆಯೋದೂ ಅದೇ. ಪಂಪಿನ ಎರಡು ಕಡೆಗೂ ಕೆಳಗಿನದಷ್ಟೇ ಹಾಕಿದ್ವಿ. ಮೇಲಿನದು ವಾಪಸ್ ಇಟ್ವಿ. ಹೊಸದನ್ನ ಯಾಕೆ ಹಾಳು ಮಾಡೋದು?"

"ಸಾಮಾನು ತಗೊಂಡದ್ದಕ್ಕೆ ಚೀಟಿ?"

"ರಜಾ ದಿನ ಸಾರ್. ಗೇಟಿಂದ ಬೀಗದ ಕೈ ತಗೊಂಡ್ವಿ. ಚೀಟಿ ಯಾರ ಹತ್ರ ಬರೆಸೋದು, ನಾಯಿ ಹತ್ರನಾ?"

ಅವನು ಹೋದ ಮೇಲೆ ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಆ ಪಂಪ್ ಈಗ ಕೆಟ್ಟರೆ?"

"ಅರ್ಧ ಕಾರ್ಖಾನೆ ನಿಲ್ಲುತ್ತೆ. ಇವತ್ತೇ ತರಿಸಬೇಕು." ಹೇಳಬೇಕಾದದ್ದು ಇನ್ನೂ ಇತ್ತು. "ಸಾರ್, ಅಲುಗಾಡದ ಸಾಮಾನು ಎಲ್ಲಿಗೆ ಹೋಗುತ್ತೆ ಅಂದಿರಿ. ಅದು ಅಲುಗಾಡಿದೆ. ನನ್ನ ಲೆಕ್ಕ ನಿಂತಿರೋದು ಚೀಟಿಗಳ ಮೇಲೆ. ಚೀಟಿ ಇಲ್ಲದೆ ಹೋದದ್ದು ನನಗೆ ಖರ್ಚೇ ಆಗದ ಹಾಗೆ ಕಾಣುತ್ತೆ, ಸಿ-ಝಡ್‌ಗೆ ಬೀಳುತ್ತೆ, ಆಮೇಲೆ ವರ್ಷವಿಡೀ ಯಾರೂ ನೋಡಲ್ಲ."

"ಹಾಗಂತ ಅಷ್ಟನ್ನೂ ತಿಂಗಳು ತಿಂಗಳು ಎಣಿಸ್ತೀರಾ?"

"ಅಷ್ಟನ್ನೂ ಬೇಡ. ಯಾವುದು ಇಲ್ಲದಿದ್ದರೆ ಯಂತ್ರ ನಿಲ್ಲುತ್ತೋ ಅಂಥವನ್ನ ಬೇರೆ ಮಾಡಿ, ಅವನ್ನ ಮೂರು ತಿಂಗಳಿಗೊಮ್ಮೆ. ಉಳಿದವು ವರ್ಷಕ್ಕೊಮ್ಮೆಯೇ ಇರಲಿ. ಮೇಲಿನದು, ಕೆಳಗಿನದು, ಬೇರೆ ಬೇರೆ ನಂಬರಿನಲ್ಲಿ."

ಅವರು ಕ್ಯಾಲ್ಕುಲೇಟರ್ ಒತ್ತಿದರು. ಮತ್ತೆ ಒತ್ತಿದರು.

"ಒಂದೂವರೆ ಆಳಿನ ಕೆಲಸ ಆಗುತ್ತೆ. ಅರ್ಧ ಆಳು ಎಲ್ಲಿಂದ ತರಲಿ?"

"ಇದ್ದಾರಲ್ಲ."

ಹೀಗೆ ತಕ್ಕಡಿ ಅಣ್ಣ ಮಧ್ಯಾಹ್ನದ ತನಕ ಸ್ಟೋರಿಗೆ, ಆಮೇಲೆ ಯಾರ್ಡಿಗೆ ಎಂದಾಯಿತು. ಬಿಸಿಲು ಇರುವುದು ಆಮೇಲೆಯೇ. ಇದಕ್ಕಿಂತ ಹೆಚ್ಚು ಕೇಳಬಹುದಿತ್ತೇನೋ. ಕೇಳಲಿಲ್ಲ.

ಅವರಿಗೆ ಹೇಳಿದಾಗ ಚೀಲದಿಂದ ಲೋಟವನ್ನಷ್ಟೇ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಿ ತೆಗೆಯಲಿಲ್ಲ.

"ಅರ್ಧ ಉಳಿಸಿದ್ಯಲ್ಲಮ್ಮಾ," ಎಂದರು. "ಮೇಲಿನ ಅರ್ಧಾನೋ, ಕೆಳಗಿನದೋ?"

ನಾನು ಎಣಿಕೆಯ ಚೀಟಿ ತೆಗೆದೆ. ಅವರು ಡಬ್ಬಿ ಎಳೆದುಕೊಂಡು ಶೆಲ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರು, ಹೇಳಿದರು, ನಾನು ಬರೆದುಕೊಂಡೆ. ಮೇಲಿನದು ಎರಡು. ಕೆಳಗಿನದು ಸೊನ್ನೆ.